ಒಂದೇ ಊಟ, ಎರಡು ಬಿಲ್ಲು: ಪ್ರಯಾಣ ವೆಚ್ಚ ಪರಿಶೀಲನೆ ಹೇಗೆ?

ಸಿಬ್ಬಂದಿಯ ಪ್ರಯಾಣ ವೆಚ್ಚ ತಪಾಸಣೆ ಮಾಡುವವರು ಒಬ್ಬೊಬ್ಬರ ಕ್ಲೇಮನ್ನೂ ಪ್ರತ್ಯೇಕವಾಗಿ ತೆಗೆದು, ಮೊತ್ತ ಕೂಡಿಸಿ, ಸಹಿ ಹಾಕುವುದು ವಾಡಿಕೆ. ಎರಡು ಬಾರಿ ಪಡೆದ ಹಣ ಹೀಗೆ ಎಂದೂ ಸಿಕ್ಕಿಬೀಳುವುದಿಲ್ಲ. ಬಿಡಿಯಾಗಿ ನೋಡಿದರೆ ಎರಡೂ ಕ್ಲೇಮುಗಳು ಸರಿಯಾಗಿಯೇ ಇರುತ್ತವೆ.

ಮಂಗಳೂರಿನ ಔಷಧ ವಿತರಕರೊಬ್ಬರ ಇಬ್ಬರು ಮಾರಾಟ ಪ್ರತಿನಿಧಿಗಳು ಒಂದೇ ದಿನ ಕುಂದಾಪುರಕ್ಕೆ ಹೋಗಿ ಬಂದರೆನ್ನಿ. ಇಬ್ಬರೂ ಸ್ವಂತ ಕಾರಿನ ಲೆಕ್ಕದಲ್ಲಿ 180 ಕಿ.ಮೀ. ಬರೆದಿದ್ದಾರೆ. ಕಿಲೋಮೀಟರಿಗೆ 10 ರೂಪಾಯಿಯಂತೆ ತಲಾ 1,800. ಊಟಕ್ಕೆಂದು ಒಬ್ಬರು 640 ರೂಪಾಯಿಯ ಹೋಟೆಲ್ ಬಿಲ್ ಲಗತ್ತಿಸಿದರೆ, ಇನ್ನೊಬ್ಬರು ಅಷ್ಟೇ ಮೊತ್ತದ ಯುಪಿಐ ಪಾವತಿಯ ಚಿತ್ರ ಲಗತ್ತಿಸಿದ್ದಾರೆ, ಅದೂ ಮುಂದಿನ ತಿಂಗಳ ಕ್ಲೇಮಿನಲ್ಲಿ.

ಮೊದಲು ಎಲ್ಲರ ಕ್ಲೇಮುಗಳನ್ನು ಒಂದೇ ಎಕ್ಸೆಲ್ ಹಾಳೆಗೆ ತನ್ನಿ. ಒಂದು ಬಿಲ್ಲಿಗೆ ಒಂದು ಸಾಲು. ದಿನಾಂಕದ ಕಾಲಮಿನಲ್ಲಿ ಕ್ಲೇಮು ಸಲ್ಲಿಸಿದ ದಿನವಲ್ಲ, ಖರ್ಚಾದ ದಿನ ಇರಬೇಕು. ತಡವಾಗಿ ಬರುವ ಜೋಡಿ ಬಿಲ್ಲುಗಳಿಗಾಗಿ ಕನಿಷ್ಠ ಮೂರು ತಿಂಗಳ ಲೆಕ್ಕ ಬೇಕು. A ಕಾಲಮಿನಲ್ಲಿ ಹೆಸರು, B ಯಲ್ಲಿ ದಿನಾಂಕ, C ಯಲ್ಲಿ ಮೊತ್ತ ಇಟ್ಟು, D2 ರಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

```
=COUNTIFS(C:C,C2,B:B,">="&B2-1,B:B,"<="&B2+1)
```

ಒಂದಕ್ಕಿಂತ ಹೆಚ್ಚು ಬಂದ ಸಾಲುಗಳನ್ನು ಮಾತ್ರ ನೋಡಿದರೆ ಸಾಕು. ಸೂತ್ರದಲ್ಲಿ ಹೆಸರನ್ನೂ ಬಿಲ್ ಸಂಖ್ಯೆಯನ್ನೂ ಬೇಕೆಂದೇ ಬಿಟ್ಟಿದೆ. ಹೋಟೆಲ್ ಬಿಲ್ಲಿಗೂ ಯುಪಿಐ ಚಿತ್ರಕ್ಕೂ ಸಂಖ್ಯೆ ಬೇರೆ ಬೇರೆ. ಸಂಖ್ಯೆ ಹೋಲಿಸಲು ಹೊರಟರೆ ಈ 640 ತಪ್ಪಿಸಿಕೊಳ್ಳುತ್ತದೆ. ಯಾರೋ ‘640/-’ ಎಂದು ಟೈಪಿಸಿದ್ದರೂ ಅಷ್ಟೇ, ಎಕ್ಸೆಲ್ ಅದನ್ನು ಅಂಕಿಯೆಂದು ಎಣಿಸುವುದೇ ಇಲ್ಲ. ಹಾಗಾಗಿ ಆ ಕಾಲಮುಗಳನ್ನು ಮೊದಲೇ ಸ್ವಚ್ಛಗೊಳಿಸಿ.

ಇಷ್ಟಾದರೂ ಸಿಕ್ಕಿದ್ದೆಲ್ಲ ಮೋಸವಲ್ಲ. ಒಂದೇ ಬಸ್ಸಿನಲ್ಲಿ ಹೋದ ಇಬ್ಬರ ಟಿಕೆಟ್ ದರ ಒಂದೇ ಇರುತ್ತದೆ. ಊಟದ ವಿಷಯದಲ್ಲಿ ಹೋಟೆಲಿನ ಹೆಸರು ಮತ್ತು ಸಮಯ ಹೋಲಿಸಿ. ಮಧ್ಯಾಹ್ನ 1.50ರ ಬಿಲ್ಲಿಗೆ 1.54ರ ಪಾವತಿ ಹೊಂದಿಕೊಂಡರೆ ಊಟ ಒಂದೇ ಎಂದು ಸಂಶಯಪಡಲು ಕಾರಣವಿದೆ.

ಕಾರಿನ ಲೆಕ್ಕಕ್ಕೆ ಫಾಸ್ಟ್ಯಾಗ್ ವಿವರಪಟ್ಟಿ ಕೇಳಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರಕ್ಕೆ ಹೋಗುವ ಕಾರು ಹೆಜಮಾಡಿ, ಸಾಸ್ತಾನ ಟೋಲ್‌ಗಳನ್ನು ದಾಟಬೇಕು. ಒಂದೇ ಕಾರಿನ ದಾಖಲೆ ಸಿಕ್ಕರೆ, ಎರಡನೆಯವರು ಪಕ್ಕದ ಸೀಟಿನಲ್ಲಿ ಕೂತಿದ್ದಿರಬಹುದು. ಇರಬಹುದು ಎನ್ನುವುದನ್ನು ಮರೆಯಬೇಡಿ: ಕಾರ್ಕಳದ ಕಡೆಯಿಂದ ಸುತ್ತಿ ಹೋದವರಿಗೆ ಹೆಜಮಾಡಿ ಸಿಗುವುದಿಲ್ಲ. ಆ ದಿನ ಭೇಟಿಯಾದ ಅಂಗಡಿಗಳ ಪಟ್ಟಿ ದಾರಿ ಯಾವುದೆಂದು ಹೇಳುತ್ತದೆ.

ಬಿಲ್ ಬೇಡದ ಸಣ್ಣ ಖರ್ಚುಗಳಿಗೆ ಈ ಉಪಾಯ ನಡೆಯದು. ಮಿತಿ 500 ಇದ್ದು, ಒಬ್ಬರದೇ ಖರ್ಚು ಪದೇ ಪದೇ 480, 490ರ ಆಸುಪಾಸಿನಲ್ಲೇ ನಿಂತರೆ, ಅವರಿಗೆ ಮಾತ್ರ ಮುಂದಿನ ತಿಂಗಳಿಂದ ಪ್ರತಿ ಖರ್ಚಿಗೂ ಬಿಲ್ ಕೇಳಿ, ಮೊತ್ತ ಇಳಿಯುತ್ತದೆಯೇ ನೋಡಿ.