ರಾತ್ರಿ ತಪ್ಪುತ್ತಿದ್ದ ಮಿಡಿತವನ್ನು ನಾನು ಹಿಡಿದ ಬಗೆ

ಗೋಣಿಕೊಪ್ಪದ ಸಮೀಪ ಚಿಕ್ಕ ಚಿಕಿತ್ಸಾಲಯ ನಡೆಸುವ ನಾನು ಎದೆಬಡಿತದ ದೂರು ಹೇಳಿಕೊಂಡು ಬಂದವರನ್ನು ವರ್ಷಗಳಿಂದ ನೋಡುತ್ತಿದ್ದೆ. ಆದರೆ ಅದು ಏನೆಂದು ನಿಜವಾಗಿ ತಿಳಿದದ್ದು, ಒಂದು ಜನವರಿಯಲ್ಲಿ ರೊಬಸ್ಟಾ ಕೊಯ್ಲಿನ ನಡುವೆ ನನ್ನದೇ ಎದೆಯೊಳಗೆ ಮೀನು ಹೊರಳಿದಂತಾದಾಗ. ಹಗಲೆಲ್ಲ ಏನೂ ಇರುತ್ತಿರಲಿಲ್ಲ. ರಾತ್ರಿ ಹತ್ತೂವರೆಗೆ ಎಡಮಗ್ಗುಲಾಗಿ ಮಲಗಿದೊಡನೆ ಬಡಿತವೊಂದು ತಪ್ಪಿದಂತಾಗಿ, ಕ್ಷಣಕಾಲ ಎಲ್ಲವೂ ನಿಂತು, ಮುಂದಿನ ಬಡಿತ ಗುದ್ದಿದಂತೆ ಬರುತ್ತಿತ್ತು.

ಮೂರನೆಯ ರಾತ್ರಿ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲಯದ ಏರುಪೇರು ಕಣ್ತಪ್ಪಿಹೋಗುತ್ತದೆ. ಎಣಿಕೆ 72 ಬಂತು. ಸಮವಾಗಿ ಸಾಗುತ್ತಿದ್ದ ನಾಡಿಯಲ್ಲಿ ಮೂರು ಕಡೆ ಬಿಡುವು ಕಂಡಿತು. ವಾಸ್ತವದಲ್ಲಿ ಅಲ್ಲಿ ಬಡಿತ ತಪ್ಪುವುದಿಲ್ಲ. ಒಂದು ಬಡಿತ ಹೊತ್ತಿಗೆ ಮೊದಲೇ ಬಂದುಬಿಡುತ್ತದೆ. ಹೃದಯ ತುಂಬುವ ಮೊದಲೇ ಬರುವ ಆ ಬಡಿತಕ್ಕೆ ಮಣಿಕಟ್ಟಿನವರೆಗೆ ತಲುಪುವಷ್ಟು ಬಲವಿರುವುದಿಲ್ಲ. ಅದಾದ ಮೇಲಿನ ಬಿಡುವಿನಲ್ಲಿ ಹೃದಯ ಹೆಚ್ಚು ತುಂಬಿಕೊಳ್ಳುವುದರಿಂದ ಮುಂದಿನದು ಗುದ್ದಿನಂತೆ ಅನ್ನಿಸುತ್ತದೆ. ಇದಕ್ಕೆ ಎಕ್ಟೋಪಿಕ್ ಬಡಿತ ಎನ್ನುತ್ತೇವೆ.

ಇಷ್ಟು ಗೊತ್ತಿದ್ದರೂ ಅದನ್ನು ಕಾಗದದ ಮೇಲೆ ನೋಡಬೇಕಿತ್ತು. ಮರುದಿನ ತೆಗೆಸಿದ ಇಸಿಜಿ ಸಹಜವಾಗಿತ್ತು, ಆದರೆ ತೊಂದರೆ ಇಲ್ಲದ ಹೊತ್ತಿನ ಇಸಿಜಿ ತೊಂದರೆಯ ಹೊತ್ತಿನ ಲಯವನ್ನು ಹೇಳಲಾರದು. ಹೀಗಾಗಿ ಮೈಸೂರಿಗೆ ಹೋಗಿ 24 ಗಂಟೆಯೂ ಬಿಡದೆ ಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿಸಿಕೊಂಡು, ಪ್ರತಿ ಗುದ್ದಿನ ಸಮಯವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ದಿನದ ಸುಮಾರು ಒಂದು ಲಕ್ಷ ಬಡಿತಗಳಲ್ಲಿ ನಾನೂರರಷ್ಟು ಎಕ್ಟೋಪಿಕ್ ಇದ್ದವು, ಎಲ್ಲವೂ ಬಿಡಿಬಿಡಿಯಾಗಿ, ನಾನು ಬರೆದ ಸಮಯಗಳಿಗೆ ಸರಿಯಾಗಿ. ಇವು ಒಟ್ಟು ಬಡಿತದ ಹತ್ತನೇ ಒಂದು ಭಾಗವನ್ನು ಮೀರಿದ್ದರೆ ಹೃದಯ ದುರ್ಬಲಗೊಳ್ಳುವ ಭಯವಿರುತ್ತಿತ್ತು. ಎಕೋ ಪರೀಕ್ಷೆಯೂ, ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ ಪ್ರಮಾಣಗಳೂ ಸರಿಯಾಗಿದ್ದವು.

ಉಳಿದದ್ದು ಕಾಫಿ ಮತ್ತು ನಿದ್ರೆ. ಕೊಯ್ಲಿನ ದಿನಗಳಲ್ಲಿ ಕಣದ ಕಾವಲಿಗಾಗಿ ತಡರಾತ್ರಿಯವರೆಗೆ ಎಚ್ಚರವಿದ್ದು, ನಮ್ಮದೇ ತೋಟದ ರೊಬಸ್ಟಾದ ಬೆಲ್ಲದ ಕಾಫಿಯನ್ನು ದಿನಕ್ಕೆ ಆರು ಲೋಟ ಕುಡಿಯುತ್ತಿದ್ದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಕುಡಿದದ್ದರಲ್ಲಿ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟದ ಅರ್ಧಾಂಶ ರಾತ್ರಿ ಹನ್ನೊಂದಕ್ಕೂ ನನ್ನೊಳಗಿತ್ತು. ಒಮ್ಮೆಲೇ ಬಿಟ್ಟರೆ ತಲೆನೋವು ಬರುವುದರಿಂದ ಎರಡು ದಿನಕ್ಕೊಂದು ಲೋಟದಂತೆ ಇಳಿಸಿ, ಬೆಳಗಿನ ಎರಡು ಲೋಟಕ್ಕೆ ನಿಲ್ಲಿಸಿದೆ. ಎಲ್ಲರಿಗೂ ಕಾಫಿಯೇ ಕಾರಣವೆಂದು ನಾನು ಹೇಳುವುದಿಲ್ಲ. ಎಷ್ಟೋ ಜನರಲ್ಲಿ ಕಾಫಿ ಬಿಟ್ಟರೂ ಏನೂ ಬದಲಾಗುವುದಿಲ್ಲ.

ಕಾಫಿಗಿಂತ ಕಠಿಣವಾಗಿದ್ದುದು ನಾಡಿ ಹಿಡಿಯುವ ಚಟವನ್ನು ಬಿಡುವುದು. ಗುದ್ದು ಬಂದಾಗ ಗಾಬರಿ, ಗಾಬರಿಯಿಂದ ಅಡ್ರಿನಾಲಿನ್, ಅದರಿಂದ ಇನ್ನಷ್ಟು ಗುದ್ದು ಎಂಬ ಸುತ್ತಿನಲ್ಲಿ ನಾನೂ ಸಿಲುಕಿದ್ದೆ. ಹೋಲ್ಟರ್ ವರದಿ ಬಂದ ಮೇಲೆ ನಾಡಿ ಮುಟ್ಟದೆ, ಬಲಮಗ್ಗುಲಾಗಿ, ನಿಧಾನವಾಗಿ ಉಸಿರು ಬಿಡುತ್ತ ಮಲಗುವುದನ್ನು ರೂಢಿಸಿಕೊಂಡೆ. ಮೂರು ವಾರಗಳಲ್ಲಿ ಗುದ್ದುಗಳು ಅಪರೂಪವಾದವು.

ಆ ವರ್ಷವೇ ಬಂದ ತೋಟದ ಕೆಲಸದ ಹೆಂಗಸೊಬ್ಬರಿಗೆ ಇದೇ ಸಮಾಧಾನ ಹೇಳಿದ್ದರೆ ತಪ್ಪಾಗುತ್ತಿತ್ತು. ಎರಡು ವರ್ಷದಿಂದ ಅವರಿಗೆ ಎಲ್ಲೆಡೆ "ಬರೀ ಗಾಬರಿ" ಎಂದೇ ಹೇಳಲಾಗಿತ್ತು. ಬಡಿತ ಹೇಗಿರುತ್ತದೆಂದು ಮೇಜಿನ ಮೇಲೆ ತಟ್ಟಿ ತೋರಿಸುವಂತೆ ಕೇಳಿದೆ. ಅವರು ಬಿಡುವಿಲ್ಲದೆ, ಒಂದೇ ಸಮನೆ, ನಾನು ಎಣಿಸಲಾರದಷ್ಟು ವೇಗವಾಗಿ ತಟ್ಟಿ ಹೇಳಿದರು: "ಕೂತಲ್ಲೇ ಸ್ವಿಚ್ ಹಾಕಿದ ಹಾಗೆ ಶುರುವಾಗ್ತದೆ ಡಾಕ್ಟ್ರೇ, ಹಾಗೇ ಪಟ್ಟಂತ ನಿಂತೂ ಬಿಡ್ತದೆ." ಗಾಬರಿಯ ಬಡಿತ ಸಾಮಾನ್ಯವಾಗಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ, ಥಟ್ಟನೆ ಹತ್ತಿ ಥಟ್ಟನೆ ಆರುವುದು ಲಯದ ದೋಷದ ಸುಳಿವು. ಶುರುವಾದ ಕೂಡಲೇ ಯಾವ ಹೊತ್ತಿನಲ್ಲಾದರೂ ಬರಲು ಹೇಳಿದ್ದೆ. ಹನ್ನೊಂದು ದಿನಗಳ ಬಳಿಕ ತೋಟದ ಜೀಪಿನಲ್ಲಿ ಬಂದಾಗ ಇಸಿಜಿಯಲ್ಲಿ ನಿಮಿಷಕ್ಕೆ 188 ಬಡಿತ ಸಿಕ್ಕಿತು. ಅದು ಎಸ್‌ವಿಟಿ, ಅಂದರೆ ಹೃದಯದ ಮೇಲ್ಭಾಗದಲ್ಲಿ ವಿದ್ಯುತ್ ಸಂಕೇತ ಸುತ್ತು ಹಾಕುವ ತೊಂದರೆ. ಮೈಸೂರಿನಲ್ಲಿ ತೊಡೆಯ ರಕ್ತನಾಳದ ಮೂಲಕ ತಂತಿ ಹಾಯಿಸಿ ಆ ಸುತ್ತಿನ ದಾರಿಯನ್ನು ಸುಟ್ಟರು. ಅನಂತರ ಅವರಿಗೆ ಅದು ಮರುಕಳಿಸಿಲ್ಲ.

ನಾಡಿ ಯಾವ ಲಯಕ್ಕೂ ಸಿಗದೆ ಪೂರ್ತಿ ಚದುರಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಪಾರ್ಶ್ವವಾಯುವಿನ ಅಪಾಯವಿರುವುದರಿಂದ ಅಂಥವರನ್ನು ಅದೇ ದಿನ ಇಸಿಜಿಗೆ ಕೂರಿಸುತ್ತೇನೆ. ಬಡಿತದ ಜೊತೆ ಪ್ರಜ್ಞೆ ತಪ್ಪಿದವರನ್ನು, ಎದೆನೋವು ಅಥವಾ ಉಸಿರುಕಟ್ಟು ಇದ್ದವರನ್ನು, ಏರು ಹತ್ತುವಾಗ ಬಡಿತ ಕಾಣಿಸಿಕೊಂಡವರನ್ನು, ಮನೆಯಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಕಂಡವರನ್ನು ಕಾಫಿಯ ಲೆಕ್ಕ ಕೇಳುವ ಮೊದಲೇ ಹೃದ್ರೋಗ ತಜ್ಞರಲ್ಲಿಗೆ ಕಳುಹಿಸುತ್ತೇನೆ.