ಈದ್ ಮುಬಾರಕ್ ಎಂದ ಮೇಲೆ ಮುಂದೇನು?

ರಂಜಾನ್ ಹಬ್ಬದ ದಿನ ಪಕ್ಕದ ಮನೆಯವರಿಗೆ ಶುಭಾಶಯ ಹೇಳುವವರಲ್ಲಿ ಹೆಚ್ಚಿನವರು ಮೊದಲ ಎರಡು ಪದಗಳನ್ನು ಸರಿಯಾಗಿಯೇ ಹೇಳುತ್ತಾರೆ. ಆ ಕಡೆಯಿಂದ ಉತ್ತರ ಬಂದಾಗ ತಬ್ಬಿಬ್ಬಾಗುತ್ತಾರೆ. ಕೆಲವರಂತೂ ಅದಕ್ಕೂ ಮೊದಲೇ, ದಿನದಲ್ಲೇ ಎಡವಿರುತ್ತಾರೆ.

ಮೊದಲು ದಿನ ಖಚಿತಪಡಿಸಿಕೊಳ್ಳಿ. ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದಲ್ಲಿರುವ ತಾರೀಕು ಬರೀ ಅಂದಾಜು. ಉಪವಾಸದ 29ನೆಯ ಸಂಜೆ ಚಂದ್ರದರ್ಶನವಾದರೆ ಮರುದಿನ ಹಬ್ಬ, ಇಲ್ಲದಿದ್ದರೆ ಇನ್ನೊಂದು ಉಪವಾಸ. 2024ರಲ್ಲಿ ಕರಾವಳಿಯವರು ಕೇರಳದ ಜೊತೆ ಏಪ್ರಿಲ್ 10ರಂದೇ ಹಬ್ಬ ಮಾಡಿದರು, ಬೆಂಗಳೂರಿನಲ್ಲಿ ಅದು 11ಕ್ಕೆ. ಮಂಗಳೂರಿನ ಸಹೋದ್ಯೋಗಿಗೆ ಬೆಂಗಳೂರಿನ ಲೆಕ್ಕ ಹಿಡಿಯಬೇಡಿ. ಹಿಂದಿನ ರಾತ್ರಿ ಅವರನ್ನೇ ಕೇಳಿದರೆ ಮುಗಿಯಿತು. ಚಂದ್ರ ಕಂಡಿದ್ದರೆ ಆಗಲೇ ‘ಚಾಂದ್ ಮುಬಾರಕ್’ ಎನ್ನಬಹುದು.

ಎರಡನೆಯದು, ಯಾವಾಗ ಯಾವ ಮಾತು. ಉಪವಾಸದ ತಿಂಗಳು ಶುರುವಾದಾಗ ‘ರಮ್ಜಾನ್ ಮುಬಾರಕ್’. ತಿಂಗಳು ಮುಗಿದು ಹಬ್ಬ ಬಂದಾಗ ‘ಈದ್ ಮುಬಾರಕ್’. ಬಕ್ರೀದಿಗೂ ಅದೇ. ಮೊಹರಂ ದಿನ ಮಾತ್ರ ‘ಮುಬಾರಕ್’ ಬೇಡವೇ ಬೇಡ. ಉತ್ತರ ಕರ್ನಾಟಕದ ಊರುಗಳಲ್ಲಿ ಅಲಾಯಿ ಕುಣಿತ ನೋಡಿ ಬೆಳೆದವರಿಗೆ ಅದು ಹಬ್ಬದಂತೆಯೇ ಕಾಣುತ್ತದೆ, ನಿಜ. ಆದರೆ ಅದು ಕರ್ಬಲಾದಲ್ಲಿ ಇಮಾಮ್ ಹುಸೇನರು ಹತರಾದ ದಿನ, ಶಿಯಾ ಮನೆಗಳಲ್ಲಿ ಶೋಕದ ದಿನ.

ಉಚ್ಚಾರಣೆಗೆ ಒಂದೇ ಸಾಲು: ‘ಈ’ ಮತ್ತು ‘ಬಾ’ ದೀರ್ಘವಾಗಿರಲಿ, ಕೊನೆಯ ‘ಕ್’ ಅನ್ನು ‘ಖ್’ ಮಾಡಬೇಡಿ. ‘ಈದಿ’ ಎಂದರೆ ಮಕ್ಕಳಿಗೆ ಕೊಡುವ ಹಬ್ಬದ ಕಾಸು. ‘ಈದಿ ಮುಬಾರಕ್’ ಎಂದರೆ ಆ ಮನೆಯ ಮಕ್ಕಳು ನಿಮ್ಮ ಜೇಬನ್ನೇ ನೋಡುತ್ತಾರೆ.

ಇನ್ನು ಉತ್ತರದ ಪಾಠ. ನೀವು ‘ಈದ್ ಮುಬಾರಕ್’ ಎಂದಾಗ ಅವರು ‘ಖೈರ್ ಮುಬಾರಕ್’ ಅಥವಾ ‘ಆಪ್ ಕೋ ಭೀ ಮುಬಾರಕ್’ ಎನ್ನುತ್ತಾರೆ. ಅಲ್ಲಿಗೆ ವಿನಿಮಯ ಮುಗಿಯಿತು. ಮತ್ತೆ ‘ಈದ್ ಮುಬಾರಕ್’ ಎಂದು ಒಪ್ಪಿಸಬೇಡಿ. ನಕ್ಕು, ಮನೆಯವರು ಹೇಗಿದ್ದಾರೆಂದು ಕೇಳಿ. ಎಷ್ಟೋ ಸಲ ಅವರೇ ಮೊದಲು ನಿಮಗೆ ‘ಈದ್ ಮುಬಾರಕ್’ ಎನ್ನುವುದುಂಟು. ಆಗ ‘ನನ್ನ ಹಬ್ಬವಲ್ಲವಲ್ಲ’ ಎಂಬ ಮುಖ ಮಾಡದೆ ಈ ಎರಡರಲ್ಲಿ ಒಂದನ್ನು ಹೇಳಿ. ನನ್ನ ಆಯ್ಕೆ ‘ಆಪ್ ಕೋ ಭೀ ಮುಬಾರಕ್’. ‘ಖೈರ್’ನ ಮೊದಲ ಅಕ್ಷರ ಗಂಟಲಿನಿಂದ ಬರಬೇಕು, ಅವಸರದಲ್ಲಿ ಅದು ‘ಕೈರ್’ ಆಗಿಬಿಡುತ್ತದೆ. ಎದುರುಮನೆಯ ಹಿರಿಯ ಖಾಲಾ ‘ಜೀತೇ ರಹೋ ಬೇಟಾ’ ಎಂದರೆ ಅದು ಆಶೀರ್ವಾದ. ತುಸು ತಲೆಬಾಗಿ ‘ಶುಕ್ರಿಯಾ’ ಎಂದರೆ ಸಾಕು.

ಸಲಾಮಿನಲ್ಲಿ ಆಗುವ ಎಡವಟ್ಟು ಬೇರೆಯದು. ‘ಅಸ್ಸಲಾಮು ಅಲೈಕುಮ್’ ಎಂಬುದು ವಂದನೆ, ‘ವ ಅಲೈಕುಮ್ ಅಸ್ಸಲಾಮ್’ ಅದರ ಉತ್ತರ. ಗೇಟು ತೆರೆಯುತ್ತಲೇ ‘ವಾಲೇಕುಂ ಸಲಾಂ’ ಎಂದು ಕೂಗುವವರು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.

ಅರಬ್ಬಿಯ ಉದ್ದ ವಾಕ್ಯವೂ ಒಂದಿದೆ: ‘ತಖಬ್ಬಲಲ್ಲಾಹು ಮಿನ್ನಾ ವ ಮಿನ್‌ಕುಮ್’. ನಮ್ಮಿಂದಲೂ ನಿಮ್ಮಿಂದಲೂ ಅಲ್ಲಾಹು ಸ್ವೀಕರಿಸಲಿ ಎಂಬ ಪ್ರಾರ್ಥನೆ ಅದು. ಸ್ವೀಕರಿಸಬೇಕಾದದ್ದು ತಿಂಗಳ ಉಪವಾಸ, ನಮಾಜು. ಉಪವಾಸ ಮಾಡದವರು ಅದನ್ನು ಹೇಳಿದರೆ ‘ನಮ್ಮಿಂದ’ ಎಂಬುದಕ್ಕೆ ಆಧಾರವೇ ಇರುವುದಿಲ್ಲ. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಅದನ್ನು ಹಾಕಿದರೆ ‘ಶುಕ್ರಿಯಾ, ಈದ್ ಮುಬಾರಕ್’ ಎಂದು ಬರೆಯಿರಿ. ಕೊಲ್ಲಿ ರಾಷ್ಟ್ರಗಳಲ್ಲಿರುವ ಕನ್ನಡಿಗರಿಗೆ ‘ಕುಲ್ ಆಮ್ ವ ಅಂತುಮ್ ಬಿಖೈರ್’ ಕಿವಿಗೆ ಬೀಳುತ್ತದೆ, ಅದಕ್ಕೆ ‘ವ ಅಂತುಮ್ ಬಿಖೈರ್’ ಎಂದರಾಯಿತು.

ಕಾರ್ಡುಗಳ ಬಗ್ಗೆ: ಅಂತರ್ಜಾಲದ ಅಗ್ಗದ ಚಿತ್ರಗಳಲ್ಲಿ ಅರಬ್ಬಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದೆ, ಎಡದಿಂದ ಬಲಕ್ಕೆ ತಿರುಗಿ, ಬಿಡಿಬಿಡಿಯಾಗಿ ನಿಂತಿರುತ್ತವೆ. ಓದಬಲ್ಲವರಿಗೆ ಅದು ಪದವೇ ಅಲ್ಲ. ಅವನ್ನು ಕಳುಹಿಸುವ ಬದಲು ಹೆಸರು ಹಿಡಿದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಕರಾವಳಿಯ ಬ್ಯಾರಿಗಳ ಮನೆಮಾತು ಬ್ಯಾರಿ, ಭಟ್ಕಳದ ನವಾಯತರದ್ದು ನವಾಯತಿ. ಅವರೆದುರು ಉರ್ದು ಪಾಂಡಿತ್ಯ ತೋರಿಸಿ ಫಲವಿಲ್ಲ.

ಬೆಳಗಿನ ಈದ್ಗಾ ನಮಾಜ್ ಮುಗಿಯುವವರೆಗೆ ಫೋನ್ ಮಾಡಬೇಡಿ. ಗಂಡಸರು ಗಂಡಸರನ್ನು ಅಪ್ಪಿಕೊಳ್ಳುವುದು ಸಾಮಾನ್ಯವಾಗಿ ಮೂರು ಸಲ, ಒಂದೇ ಸಲಕ್ಕೆ ಹಿಂದೆ ಸರಿದರೆ ಅವರ ಕೈ ಗಾಳಿಯಲ್ಲಿ ಉಳಿಯುತ್ತದೆ. ಹೆಂಗಸರಿಗೆ ನಿಮ್ಮ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ, ಕೈ ಮುಂದೆ ಚಾಚಬೇಡಿ. ಹಬ್ಬದ ದಿನ ತಪ್ಪಿಹೋಯಿತೇ? ಮರುದಿನ ಸಹೋದ್ಯೋಗಿ ಶೀರ್ ಖುರ್ಮಾದ ಡಬ್ಬಿ ಹಿಡಿದು ಕಚೇರಿಗೆ ಬಂದಾಗಲೂ ‘ಈದ್ ಮುಬಾರಕ್’ ನಡೆಯುತ್ತದೆ. ಹುಬ್ಬಳ್ಳಿ ಕಡೆಯವರಾದರೆ ಅದನ್ನು ಸುರಕುಂಬಾ ಎಂದೇ ಕೇಳಿ ಹಾಕಿಸಿಕೊಳ್ಳಿ.