ವರ್ಷದ ಜಿಮ್ ಪ್ಲಾನ್‌ಗೆ ಸಹಿ ಹಾಕುವ ಮುಂಚೆ ನಾನು ಮಾಡಿದ ಲೆಕ್ಕ

ನಾನು ಸೇರಬೇಕು ಅಂದುಕೊಂಡ ಜಿಮ್‌ನಲ್ಲಿ ವರ್ಷದ ಪ್ಲಾನ್‌ಗೆ ಎಂಟು ತಿಂಗಳ ಶುಲ್ಕ ಕೇಳಿದರು. ತಿಂಗಳು ತಿಂಗಳು ಕಟ್ಟಿದರೆ ಹನ್ನೆರಡು, ಒಟ್ಟಿಗೆ ಕಟ್ಟಿದರೆ ಎಂಟು. ನಾಲ್ಕು ತಿಂಗಳು ಪುಕ್ಕಟೆ ಅನ್ನಿಸುತ್ತದೆ ಅಲ್ವಾ? ಆದರೆ ತಿಂಗಳಿಗೆ ಕಟ್ಟುವವರು ಹೋಗದ ತಿಂಗಳಿಗೆ ದುಡ್ಡೇ ಕೊಡುವುದಿಲ್ಲ. ಹಾಗಾಗಿ ಎಂಟನ್ನು ಹನ್ನೆರಡರ ಜೊತೆ ಹೋಲಿಸಿದರೆ ಸಾಲದು. ನಾವು ನಿಜವಾಗಿ ಎಷ್ಟು ತಿಂಗಳು ಹೋಗುತ್ತೇವೋ ಅದರ ಜೊತೆ ಹೋಲಿಸಬೇಕು. ಒಂಬತ್ತು ತಿಂಗಳು ಹೋದರೆ ಉಳಿಯುವುದು ಒಂದೇ ತಿಂಗಳ ಶುಲ್ಕ. ಏಳಕ್ಕೆ ಇಳಿದರೆ ಕೈಯಿಂದ ಹೋಯಿತು.

ಈ ಲೆಕ್ಕವನ್ನು ಅತ್ತ ಇತ್ತ ವಾಲಿಸುವುದು ಫ್ರೀಜ್ ಷರತ್ತು. ಫ್ರೀಜ್ ಅಂದರೆ ಊರಲ್ಲಿ ಇಲ್ಲದಾಗ ಸದಸ್ಯತ್ವವನ್ನು ನಿಲ್ಲಿಸಿ, ಅಷ್ಟು ದಿನಗಳನ್ನು ಕೊನೆಗೆ ಸೇರಿಸಿಕೊಳ್ಳುವುದು. ನಾನು ಕೆಲಸದ ಮೇಲೆ ಆಗಾಗ ವಾರ, ಹತ್ತು ದಿನ ಹೊರಗಿರುತ್ತೇನೆ. ಅದಕ್ಕೇ ಮಿಕ್ಕೆಲ್ಲ ಬಿಟ್ಟು ಮೊದಲು ಇದನ್ನೇ ಹಿಡಿದು ಕೂತೆ.

ಕೌಂಟರ್‌ನಲ್ಲಿ ಹೇಳಿದ್ದು ಇಷ್ಟೇ: "45 ದಿನ ಫ್ರೀಜ್ ಇದೆ." ಷರತ್ತುಗಳ ಪ್ರತಿ ಕೊಡಿ ಎಂದು ಕೇಳಿ ಓದಿದಾಗ ಆ 45ರ ಸುತ್ತ ಇನ್ನೂ ನಾಲ್ಕು ಮಾತು ಇದ್ದವು. ಒಂದು ಸಲಕ್ಕೆ ಕನಿಷ್ಠ 15 ದಿನ. ವರ್ಷಕ್ಕೆ ಗರಿಷ್ಠ 3 ಸಲ. 3 ದಿನ ಮುಂಚೆ ತಿಳಿಸಬೇಕು. ಕಳೆದುಹೋದ ದಿನಗಳಿಗೆ ಫ್ರೀಜ್ ಇಲ್ಲ.

ಇದನ್ನು ಹತ್ತು ದಿನದ ಪ್ರವಾಸದ ಮೇಲೆ ಇಟ್ಟು ನೋಡಿ. ಹತ್ತು ದಿನಕ್ಕೆ ಫ್ರೀಜ್ ಸಿಗುವುದಿಲ್ಲ, 15 ತೆಗೆದುಕೊಳ್ಳಬೇಕು. ವಾಪಸ್ ಬಂದ ಮೇಲೂ ಐದು ದಿನ ಬಾಗಿಲು ಮುಚ್ಚಿರುತ್ತದೆ. ಸರಿ, ಹತ್ತನೇ ದಿನವೇ ಬಂದು ಮತ್ತೆ ಶುರು ಮಾಡಿದರೆ? ಇದನ್ನೇ ನಾನು ಕೇಳಿದೆ. ಉತ್ತರ ಹೀಗಿತ್ತು: ಮುಂಚೆಯೇ ಶುರು ಮಾಡಬಹುದು, ಆಗ ಮುಗಿಯುವ ದಿನಾಂಕ ಹತ್ತು ದಿನ ಮಾತ್ರ ಮುಂದೆ ಹೋಗುತ್ತದೆ, ಆದರೆ 45ರಿಂದ ಪೂರ್ತಿ 15 ಕಳೆಯುತ್ತದೆ. ಅಂದರೆ ಇಂಥ ಮೂರು ಪ್ರವಾಸಕ್ಕೆ 45ಕ್ಕೆ 45 ಖಾಲಿ, ನನಗೆ ಮರಳಿ ಸಿಕ್ಕಿದ್ದು 30. ನಾಲ್ಕನೆಯ ಪ್ರವಾಸಕ್ಕೆ ಏನೂ ಉಳಿದಿಲ್ಲ. ಒಮ್ಮೆಗೇ ಒಂದೂವರೆ ತಿಂಗಳು ಹೊರಗಿರುವವರಿಗೆ ಇದೇ ಷರತ್ತು ಚೆನ್ನಾಗಿ ಹೊಂದುತ್ತದೆ. ಸಣ್ಣ ಸಣ್ಣ ಪ್ರವಾಸ ಮಾಡುವವರಿಗೆ ಇದು ಅರ್ಧಂಬರ್ಧ ಸೌಲಭ್ಯ. ಜಾಹೀರಾತಿನಲ್ಲಿ ಇಬ್ಬರಿಗೂ ಕಾಣುವುದು ಅದೇ 45.

ಕನಿಷ್ಠ ಅವಧಿಯನ್ನು ಮಾತ್ರ ಇಳಿಸಿದರೂ ಕೆಲಸ ಆಗುವುದಿಲ್ಲ ಎಂಬುದನ್ನೂ ಗಮನಿಸಬೇಕು. 15ರ ಬದಲು 7 ಮಾಡಿದರು ಅಂದುಕೊಳ್ಳಿ. ಹತ್ತು ಹತ್ತು ದಿನದ ಮೂರು ಫ್ರೀಜ್ ಆದ ಮೇಲೆ ಖಾತೆಯಲ್ಲಿ 15 ದಿನ ಇನ್ನೂ ಉಳಿದಿರುತ್ತದೆ. ಆದರೆ ಮೂರು ಸಲ ಮುಗಿದಿದೆ. ಆ 15 ದಿನ ಸುಮ್ನೆ ಕಣ್ಣಿಗೆ ಕಾಣುತ್ತಾ ಕೂತಿರುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಒಟ್ಟು ದಿನ, ಕನಿಷ್ಠ ಅವಧಿ, ಎಷ್ಟು ಸಲ ಎಂಬ ಮೂರನ್ನೂ ಒಟ್ಟಿಗೆ ಕೇಳಬೇಕು. ಒಂದನ್ನು ಬಿಟ್ಟು ಕೇಳಿದರೆ ಉತ್ತರಕ್ಕೆ ಅರ್ಥವೇ ಇಲ್ಲ.

ನಾನು ಮ್ಯಾನೇಜರ್ ಹತ್ತಿರ ಒಟ್ಟು ದಿನ ಹೆಚ್ಚಿಸಿ ಎಂದು ಕೇಳಲೇ ಇಲ್ಲ. 45 ನನಗೆ ಸಾಕಿತ್ತು. ಕನಿಷ್ಠ ಅವಧಿ 7 ದಿನ ಮಾಡಿ, ಸಲ ಐದಕ್ಕೆ ಏರಿಸಿ, ಬೇಕಿದ್ದರೆ ಗೆಳೆಯರನ್ನು ಕರೆತರಲು ಪ್ಲಾನ್ ಜೊತೆ ಕೊಡುವ ಗೆಸ್ಟ್ ಪಾಸ್ ಕಡಿಮೆ ಮಾಡಿಕೊಳ್ಳಿ ಎಂದೆ. ಅವರು 7 ದಿನಕ್ಕೆ ಒಪ್ಪಿದರು, ಸಲ ನಾಲ್ಕಕ್ಕೆ ನಿಂತರು. ನಾಲ್ಕು ಹತ್ತಲಿ 40, ನನ್ನ ವರ್ಷಕ್ಕೆ ಹೊಂದುತ್ತದೆ. ಆ ಮಾತನ್ನು ಬಿಲ್‌ನಲ್ಲೇ ಬರೆಸಿ, ಸಹಿ ಮತ್ತು ಸೀಲು ಹಾಕಿಸಿಕೊಂಡೆ, ಅದೇ ಸಾಲನ್ನು ಅವರ ಮೇಲ್‌ಗೂ ಕಳಿಸಿ ಉತ್ತರ ಪಡೆದೆ. ಜಿಮ್‌ಗಳಲ್ಲಿ ಮೆಂಬರ್‌ಶಿಪ್ ಮಾರುವವರು ಬೇಗ ಬದಲಾಗುತ್ತಾರೆ. ಬಾಯಿಮಾತಿನ ಒಪ್ಪಂದ ಅವರ ಜೊತೆಗೇ ಹೊರಟುಹೋಗುತ್ತದೆ.

ಕಾಯಿಲೆ, ಗಾಯದ ಫ್ರೀಜ್ ಬೇರೆ ಲೆಕ್ಕ. ಡಾಕ್ಟರ ಪತ್ರ ಕೊಟ್ಟರೆ 45ರ ಹೊರಗೆ ದಿನ ಕೊಡುತ್ತಾರಾ, ಇಲ್ಲ ಅದರಿಂದಲೇ ಕಳೆಯುತ್ತಾರಾ ಎಂದು ಕೇಳಿ. ನನ್ನ ಪ್ಲಾನ್‌ನಲ್ಲಿ ಅದು ಹೊರಗಿನದು. ಆದರೆ ದಿನ ಎಣಿಸುವುದು ಪತ್ರ ತಲುಪಿದ ದಿನದಿಂದ, ಗಾಯ ಆದ ದಿನದಿಂದ ಅಲ್ಲ. ಕಾಲು ಉಳುಕಿ ಮನೆಯಲ್ಲಿ ಮಲಗಿರುವವರು ಪತ್ರವನ್ನು ಅವತ್ತೇ ಫೋಟೋ ತೆಗೆದು ಕಳಿಸಬೇಕು. ವಾಸಿಯಾದ ಮೇಲೆ ಕೊಡೋಣ ಅಂದರೆ ದಿನಗಳು ಹೋದವು.

ಫ್ರೀಜ್ ಸರಿಯಾಗಿ ಬಿತ್ತಾ ಎಂದು ತಿಳಿಯಲು ಒಂದೇ ಗುರುತು: ಮುಗಿಯುವ ದಿನಾಂಕ. ಫ್ರೀಜ್ ಮಾಡುವ ಮುಂಚೆ ಆ್ಯಪ್‌ನಲ್ಲಿ ಆ ದಿನಾಂಕದ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ, ಮುಗಿದ ಮೇಲೆ ಮತ್ತೆ ತೆಗೆಯುತ್ತೇನೆ. 1ರಿಂದ 10ರವರೆಗೆ ನಿಲ್ಲಿಸಿದರೆ ಹತ್ತು ದಿನ ಸೇರಬೇಕು. ಒಮ್ಮೆ ಒಂಬತ್ತೇ ಸೇರಿತ್ತು, ಹತ್ತರಿಂದ ಒಂದನ್ನು ಕಳೆದು ಎಣಿಸಿದ್ದರು. ಎರಡೂ ಚಿತ್ರ ತೋರಿಸಿದ ಕೂಡಲೇ ಸರಿಮಾಡಿಕೊಟ್ಟರು. ಇನ್ನೊಂದು ವಿಷಯ, ಫ್ರೀಜ್ ಇರುವಾಗ ಕಾರ್ಡ್ ಒತ್ತಿ ಒಳಗೆ ಹೋದರೆ ಕೆಲವು ಕಡೆ ಫ್ರೀಜ್ ತಾನೇ ಮುರಿಯುತ್ತದೆ. ಲಾಕರ್‌ನಿಂದ ಶೂ ತರಲು ಹೋದರೂ ಅಷ್ಟೇ. ಅಂಥ ಕೆಲಸಕ್ಕೆ ಕೌಂಟರ್‌ನಲ್ಲಿ ಹೇಳಿ ಹೋಗುವುದು ಒಳ್ಳೆಯದು.

ವರ್ಷದ ಒಪ್ಪಂದ ಮಾಡಿ ತಿಂಗಳ ಕಂತಿನಲ್ಲಿ ಕಟ್ಟುವವರು ಫ್ರೀಜ್ ಇದ್ದಾಗ ಕಂತು ಕೂಡ ನಿಲ್ಲುತ್ತದಾ ಎಂದು ಕೇಳಬೇಕು. ಕೆಲವರು ಕಂತು ನಿಲ್ಲಿಸುತ್ತಾರೆ. ಕೆಲವರು ಕಂತು ತೆಗೆದುಕೊಳ್ಳುತ್ತಲೇ ಹೋಗಿ ದಿನಗಳನ್ನು ಕೊನೆಗೆ ಸೇರಿಸುತ್ತಾರೆ. ಎರಡೂ ನ್ಯಾಯವೇ, ಆದರೆ ಬ್ಯಾಂಕ್ ಖಾತೆಗೆ ಬೇರೆ ಬೇರೆ.

ಇನ್ನು ಕ್ಲಾಸ್ ಬುಕಿಂಗ್. ನಾನು ಜಿಮ್‌ಗೆ ಹೋಗುವುದೇ ಸಂಜೆ 6:30ರ ಸೈಕ್ಲಿಂಗ್ ಕ್ಲಾಸ್‌ಗೆ. ಕರಪತ್ರದಲ್ಲಿ "ಎಲ್ಲ ಗ್ರೂಪ್ ಕ್ಲಾಸ್‌ಗಳು ಸೇರಿವೆ" ಎಂದಿತ್ತು. ಅದು ನಿಜ. ಆದರೆ ಆ ಕೋಣೆಯಲ್ಲಿ ಇರುವುದು 20 ಸೈಕಲ್. ಹಾಗಾಗಿ ಪ್ಲಾನ್‌ನಲ್ಲಿ ಏನು ಸೇರಿದೆ ಅನ್ನುವುದಕ್ಕಿಂತ ಸೀಟು ಹೇಗೆ ಹಂಚುತ್ತಾರೆ ಅನ್ನುವುದು ಮುಖ್ಯ. ಇದನ್ನು ಕಾಗದ ಓದಿ ತಿಳಿಯಲು ಆಗುವುದಿಲ್ಲ. ಅದಕ್ಕೆ ಮೊದಲು ಒಂದು ತಿಂಗಳ ಪ್ಲಾನ್ ತೆಗೆದುಕೊಂಡು ನೋಡಿದೆ. ಒಂದು ತಿಂಗಳೊಳಗೆ ವರ್ಷದ ಪ್ಲಾನ್‌ಗೆ ಬದಲಾಯಿಸಿದರೆ ಕಟ್ಟಿದ್ದನ್ನು ಅದರಲ್ಲಿ ಕಳೆಯುತ್ತೀರಾ ಎಂದು ಮುಂಚೆಯೇ ಕೇಳಿ ಒಪ್ಪಿಸಿದ್ದೆ.

ಅಲ್ಲಿ ಬುಕಿಂಗ್ ತೆರೆಯುವುದು ಕ್ಲಾಸ್‌ಗೆ ಸರಿಯಾಗಿ 48 ಗಂಟೆ ಮುಂಚೆ. ಕೇಳಲು ಸಲೀಸು. ಆದರೆ ನನಗೆ ಬೇಕಿದ್ದದ್ದು ಸೋಮವಾರ, ಬುಧವಾರ, ಶುಕ್ರವಾರ. ಬುಧವಾರದ ಕ್ಲಾಸ್ ಬುಕಿಂಗ್ ತೆರೆಯುವುದು ಸೋಮವಾರ ಸಂಜೆ 6:30ಕ್ಕೆ. ಆ ಹೊತ್ತಿಗೆ ನಾನು ಸೋಮವಾರದ ಕ್ಲಾಸ್‌ನಲ್ಲಿ ಸೈಕಲ್ ಮೇಲೆ! ಇಳಿದು ಫೋನ್ ನೋಡುವಷ್ಟರಲ್ಲಿ ಸೀಟು ಮುಗಿದು ವೇಟಿಂಗ್ ಲಿಸ್ಟ್ ತೋರಿಸುತ್ತಿತ್ತು. ದಿನ ಬಿಟ್ಟು ದಿನ ಒಂದೇ ಹೊತ್ತಿನ ಕ್ಲಾಸ್‌ಗೆ ಹೋಗುವ ಎಲ್ಲರಿಗೂ ಈ ತೊಡಕು ಬರುತ್ತದೆ. ಬುಕಿಂಗ್ ಮಧ್ಯರಾತ್ರಿ ತೆರೆಯುವ ಜಿಮ್‌ನಲ್ಲಿ ಇದು ಇಲ್ಲ. 72 ಗಂಟೆ ಮುಂಚೆ ತೆರೆಯುವ ಕಡೆ ಬುಧವಾರ, ಶುಕ್ರವಾರದ ಕ್ಲಾಸ್‌ಗೆ ಇಲ್ಲ, ಆದರೆ ಸೋಮವಾರದ್ದು ಶುಕ್ರವಾರದ ಕ್ಲಾಸ್ ಹೊತ್ತಿಗೇ ತೆರೆಯುತ್ತದೆ. ನಾನು ಸೋಮವಾರ ಮತ್ತು ಗುರುವಾರಕ್ಕೆ ಬದಲಾಯಿಸಿಕೊಂಡೆ. ಗುರುವಾರದ್ದು ಮಂಗಳವಾರ ಸಂಜೆ ತೆರೆಯುತ್ತದೆ, ಸೋಮವಾರದ್ದು ಶನಿವಾರ. ಎರಡೂ ಹೊತ್ತು ನನ್ನ ಕೈಯಲ್ಲಿ ಫೋನ್ ಇರುತ್ತದೆ. ವಾರಕ್ಕೆ ಮೂರು ಕ್ಲಾಸ್ ಆಗಲೇಬೇಕು ಅನ್ನುವವರಾಗಿದ್ದರೆ ನಾನು ಆ ವರ್ಷದ ಪ್ಲಾನ್ ತೆಗೆದುಕೊಳ್ಳಬೇಡಿ ಅಂತಲೇ ಹೇಳುತ್ತಿದ್ದೆ.

ಒಂದೇ ಹೊತ್ತಿಗೆ ಎಷ್ಟು ಬುಕಿಂಗ್ ಇಟ್ಟುಕೊಳ್ಳಬಹುದು ಎಂಬ ಮಿತಿಯೂ ಇರುತ್ತದೆ. ಅಲ್ಲಿ ಅದು 2, ವೇಟಿಂಗ್ ಲಿಸ್ಟ್‌ನಲ್ಲಿರುವುದೂ ಸೇರಿ. ಎರಡು ವೇಟಿಂಗ್‌ನಲ್ಲಿ ಕೂತಿದ್ದರೆ ಖಾಲಿ ಇರುವ ಮೂರನೆಯ ಕ್ಲಾಸ್ ಕೂಡ ಹಿಡಿಯಲು ಆಗುವುದಿಲ್ಲ. ಆಸೆ ಇಲ್ಲದ ವೇಟಿಂಗ್ ಬಿಟ್ಟುಬಿಡುವುದೇ ಲೇಸು.

ರದ್ದು ಮಾಡುವ ನಿಯಮ: ಕ್ಲಾಸ್‌ಗೆ 4 ಗಂಟೆ ಮುಂಚೆವರೆಗೆ ಪರವಾಗಿಲ್ಲ. ಆಮೇಲೆ ರದ್ದು ಮಾಡಿದರೂ ಬಾರದೇ ಇದ್ದ ಲೆಕ್ಕ. ತಿಂಗಳಲ್ಲಿ ಮೂರು ಸಲ ಹಾಗಾದರೆ 7 ದಿನ ಬುಕಿಂಗ್ ಬಂದ್. ಇದರಲ್ಲಿ ಸಿಕ್ಕಿಬೀಳುವುದು ಸೋಮಾರಿಗಳಲ್ಲ, ವೇಟಿಂಗ್ ಲಿಸ್ಟ್‌ನವರು. ಕ್ಲಾಸ್ ಶುರುವಾಗಲು ಎರಡು ಗಂಟೆ ಇರುವಾಗ ಯಾರೋ ಬಿಟ್ಟ ಸೀಟು ತಾನಾಗಿ ನಿಮ್ಮ ಹೆಸರಿಗೆ ಬರುತ್ತದೆ. ನೀವು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದರೆ ನಿಮ್ಮ ಮೇಲೆ ಒಂದು ಗುರುತು ಬೀಳುತ್ತದೆ. ಅದಕ್ಕೆ ಮಧ್ಯಾಹ್ನ 2:30ರೊಳಗೆ ಸೀಟು ಸಿಗದಿದ್ದರೆ ವೇಟಿಂಗ್‌ನಿಂದ ಹೊರಗೆ ಬರುತ್ತೇನೆ. ಫ್ರೀಜ್ ಶುರುವಾಗುವ ಮುಂಚೆಯೂ ಬುಕಿಂಗ್‌ಗಳನ್ನು ನಾನೇ ತೆಗೆದುಹಾಕುತ್ತೇನೆ. ಫ್ರೀಜ್ ಬಾಗಿಲು ಮುಚ್ಚುತ್ತದೆ, ಬುಕಿಂಗ್ ಅಳಿಸುವುದಿಲ್ಲ ಎಂದು ಕೌಂಟರ್‌ನವರೇ ಹೇಳಿದ್ದರು.

ಗೆಸ್ಟ್ ಪಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. "ವರ್ಷಕ್ಕೆ 12" ಮತ್ತು "ತಿಂಗಳಿಗೆ 1" ಒಂದೇ ಅಲ್ಲ. ತಿಂಗಳ ಪಾಸ್ ಆ ತಿಂಗಳು ಬಳಸದಿದ್ದರೆ ಮುಗಿಯಿತು, ಮುಂದಿನ ತಿಂಗಳಿಗೆ ಸೇರುವುದಿಲ್ಲ. ಬರುವವರ ಜೊತೆ ನೀವೂ ಇರಬೇಕು, ಅವರು ಗುರುತಿನ ಚೀಟಿ ತೋರಿಸಿ ಫಾರಂಗೆ ಸಹಿ ಹಾಕಬೇಕು. ನಾನು ನೋಡಿದ ಕಡೆ ಒಬ್ಬರಿಗೆ ಒಂದೇ ಸಲ, ಸಂಜೆಯ ಗದ್ದಲದ ಹೊತ್ತಿಗೆ ಇಲ್ಲ, ಕ್ಲಾಸ್‌ಗೂ ಇಲ್ಲ. ಹಾಗಾಗಿ ಗೆಳತಿಯನ್ನು ಪ್ರತಿ ತಿಂಗಳು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಅದು ಆಗುವುದಿಲ್ಲ. ಪ್ಲಾನ್‌ನ ಬೆಲೆ ತೂಗುವಾಗ ಪಾಸ್‌ಗಳಿಗೆ ನಾನು ಸೊನ್ನೆ ಹಾಕಿದೆ, ಚೌಕಾಸಿಗೆ ಮಾತ್ರ ಬಳಸಿದೆ. ಕೊನೆಗೆ ಫ್ರೀಜ್‌ಗಾಗಿ ಬಿಟ್ಟುಕೊಟ್ಟದ್ದೂ ಅದನ್ನೇ, ಆರು ಪಾಸ್.

ಸಹಿ ಹಾಕುವ ದಿನ ನೋಡಬೇಕಾದ ಕೊನೆಯ ಸಾಲು ವರ್ಷದ ತುದಿಯದು. ನನ್ನ ಕಾಗದದಲ್ಲಿ ಕೊನೆಯ 30 ದಿನ ಫ್ರೀಜ್ ಇಲ್ಲ, ಉಳಿದ ಫ್ರೀಜ್ ದಿನ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಅವಧಿ ಮುಗಿಯುವ ಮುಂಚೆ ನವೀಕರಿಸಿದರೆ ಹೊಸ ವರ್ಷ ದುಡ್ಡು ಕಟ್ಟಿದ ದಿನದಿಂದ ಶುರುವಾಗುತ್ತದಾ, ಹಳೆಯದು ಮುಗಿದ ಮರುದಿನದಿಂದಲಾ ಎಂದು ಅದರಲ್ಲಿ ಇರಲೇ ಇಲ್ಲ. ಮರುದಿನದಿಂದ ಎಂದು ಅದನ್ನೂ ಬಿಲ್‌ನಲ್ಲಿ ಬರೆಸಿಕೊಂಡೆ.